ಬನಿಯನ್ನಿಗೊಂದು ನ್ಯಾಯ, ಮುಖಕ್ಕೊಂದು ನ್ಯಾಯ

ತಿರುಪ್ಪೂರಿನಲ್ಲಿ ಬನಿಯನ್ನಿಗೆ ಸಿಗುವ ಮರ್ಯಾದೆ ಅದನ್ನು ತೊಡುವವನ ಮುಖಕ್ಕೆ ಸಿಗುವುದಿಲ್ಲ. ರಫ್ತಿಗೆ ಹೊರಟ ಅಂಗಿಯಿಂದ ಎರಡು ಗ್ರಾಂ ಬಟ್ಟೆ ಕತ್ತರಿಸಿ, ಚೂರು ಮಾಡಿ, ನೂರು ಮಿಲಿಲೀಟರ್ ನೀರಿನಲ್ಲಿ ಎರಡು ಗಂಟೆ ಕುಲುಕಿ, ಆ ನೀರಿನ ಪಿಎಚ್ ಅಳೆಯುತ್ತಾರೆ. ಓಕೋ-ಟೆಕ್ಸ್ ಕಟ್ಟಳೆಯಲ್ಲಿ ಮೈಗೆ ತಾಗುವ ಬಟ್ಟೆಯ ಪಿಎಚ್ 4ರಿಂದ 7.5ರ ಒಳಗೇ ಇರಬೇಕು. ಇಷ್ಟೆಲ್ಲ ಅಳೆದವರು ಸಂಜೆ ಮನೆಗೆ ಬಂದು, ಪಿಎಚ್ 10ರ ಆಸುಪಾಸಿನ ಮೈಸೋಪಿನಲ್ಲಿ ಮುಖವನ್ನು ಗಸಗಸ ಉಜ್ಜುತ್ತಾರೆ. ಮುಖಕ್ಕೆ ಬಯ್ಯರ್ ಇಲ್ಲವಲ್ಲ, ವಾಪಸ್ ಕಳಿಸುವವರು ಯಾರು?

ನನ್ನ ಅಕ್ಕನ ಮಗಳು ಅಂಥದೊಂದು ಡೈಯಿಂಗ್ ಲ್ಯಾಬಿನಲ್ಲಿದ್ದಾಳೆ. ನಾವು ಕೊಯಮತ್ತೂರಿನ ದೇವಾಂಗರು. ಅಡುಗೆಮನೆಯಲ್ಲಿ ಕನ್ನಡ, ಬಾಗಿಲಾಚೆ ತಮಿಳು. ನೂಲು, ಬಣ್ಣದ ಸುದ್ದಿ ನಮ್ಮಲ್ಲಿ ಊಟದ ಜೊತೆಗೇ ನಡೆಯುತ್ತದೆ. ಹಾಗಾಗಿ ಪಿಎಚ್ ಎಂದರೆ ಹುಳಿ-ಕ್ಷಾರದ ಅಳತೆ, 7 ನಡುಮಧ್ಯ, ಕೆಳಗೆ ಇಳಿದಷ್ಟೂ ಹುಳಿ, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮುಖದ ಚರ್ಮದ ಮೇಲ್ಮೈ 5ರ ಹತ್ತಿರ, ತುಸು ಹುಳಿ. 9ರ ಸೋಪು ಅದಕ್ಕಿಂತ ಹತ್ತು ಸಾವಿರ ಪಟ್ಟು ಕ್ಷಾರ ಎಂದು ಅವಳು ಹೇಳಿದಾಗ ಭಾವ ಕೈಯಲ್ಲಿದ್ದ ಸೋಪನ್ನು ಒಮ್ಮೆ ಅನುಮಾನದಿಂದ ನೋಡಿದರು.

"ಬ್ಲೀಚ್ ಆದ ಬಟ್ಟೆಗೆ ಅಸಿಟಿಕ್ ಆಸಿಡ್ ಯಾಕೆ ಹಾಕ್ತೀವಿ ಮಾವ? ಒಳಗೆ ಉಳಿದ ಕ್ಷಾರ ಸಾಯಲಿ ಅಂತ. ಮುಖಕ್ಕೆ ಯಾರು ಹಾಕ್ತಾರೆ?"

ಯಾರೂ ಹಾಕುವುದಿಲ್ಲ, ಹಾಕಲೂ ಬಾರದು. ಚರ್ಮವೇ ತನ್ನ ಹುಳಿಯನ್ನು ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಅದಕ್ಕೆ ಗಂಟೆಗಳು ಬೇಕು. ಅಷ್ಟರಲ್ಲಿ ಮೇಲ್ಪದರ ಉಬ್ಬುತ್ತದೆ. ಜೀವಕೋಶಗಳ ನಡುವಿನ ಕೊಬ್ಬನ್ನು ತಯಾರಿಸುವ ಕಿಣ್ವಗಳು ಹುಳಿಯಿಲ್ಲದೆ ಮಂಕಾಗುತ್ತವೆ. ತೊಳೆದ ಮೇಲೆ ಮುಖ ಬಿಗಿದು ಕಿರಕಿರ ಅಂದರೆ ನಾವು "ಆಹಾ, ಸ್ವಚ್ಛ" ಎನ್ನುತ್ತೇವೆ. ಅದು ಚರ್ಮದ ದೂರು.

ಆ ಭಾನುವಾರ ಅವಳು ಪಿಎಚ್ ಪೇಪರಿನ ಪುಸ್ತಕ, ಡಿಸ್ಟಿಲ್ಡ್ ವಾಟರ್ ತಂದಳು. ಮನೆಯ ಬಾಟಲಿಗಳೆಲ್ಲ ಸಾಲಾಗಿ ಕೂತವು, ಮದುವೆಗೆ ಹುಡುಗಿ ನೋಡಲು ಬಂದವರ ಹಾಗೆ. ಒಂದು ಪಾಲು ಕ್ಲೆನ್ಸರಿಗೆ ಒಂಬತ್ತು ಪಾಲು ನೀರು ಬೆರೆಸಿ ಚೀಟಿ ಅದ್ದಿದಳು. ಜೆಲ್ ಹಳದಿಯಲ್ಲೇ ನಿಂತಿತು, ಐದೂವರೆ-ಆರು. ಟ್ಯೂಬಿನಿಂದ ಪೇಸ್ಟಿನಂತೆ ಬರುವ ಫೋಮ್ ಮಾತ್ರ ಚೀಟಿಯನ್ನು ಹಸಿರು ದಾಟಿಸಿ ನೀಲಿಯ ಕಡೆ ಒಯ್ದಿತು. ಟ್ಯೂಬಿನ ಬೆನ್ನು ಓದಿದರೆ ಗುಟ್ಟು ಬಯಲು: ಮಿರಿಸ್ಟಿಕ್ ಆಸಿಡ್, ಸ್ಟಿಯರಿಕ್ ಆಸಿಡ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಕೊಬ್ಬಿನಾಮ್ಲ ಮತ್ತು ಕ್ಷಾರ ಸೇರಿದರೆ ಸೋಪಲ್ಲದೆ ಇನ್ನೇನು! ಒತ್ತಿದರೆ ನೊರೆಯಾಗಿಯೇ ಬರುವ ಪಂಪಿನ ಫೋಮ್ ಬೇರೆ ಜಾತಿ. ಹೆಚ್ಚಾಗಿ ಅದು ತೆಳು ಜೆಲ್ಲೇ, ಜಾಲರಿಯಲ್ಲಿ ಗಾಳಿ ಸೇರಿಸಿಕೊಂಡು ಬರುತ್ತದೆ. ಅಗ್ಗದ ಚೀಟಿಗೆ 5.5ಕ್ಕೂ 6ಕ್ಕೂ ಫರಕು ತಿಳಿಯದು, ಐದನ್ನೂ ಒಂಬತ್ತನ್ನೂ ಬೇರೆ ಮಾಡಿದರೆ ನಮಗೆ ಸಾಕು.

ಹಾಗಂತ 5.5 ಎಂದು ಬರೆದದ್ದೆಲ್ಲ ಸಾಧುವಲ್ಲ. ಸೋಡಿಯಂ ಲಾರಿಲ್ ಸಲ್ಫೇಟ್ ತುಂಬಿದ ಜೆಲ್, ಪಿಎಚ್ ಸರಿಯಿದ್ದರೂ, ಚರ್ಮದ ಎಣ್ಣೆಯನ್ನು ಬಳಿದುಕೊಂಡೇ ಹೋಗುತ್ತದೆ. ಮುಖದಲ್ಲಿ ಎಣ್ಣೆ ಜಿನುಗುವ ಅಕ್ಕನ ಮಗನಿಗೆ ಮೃದುವಾದ ಜೆಲ್ ಹಿಡಿಸಿತು. ಚಳಿಗಾಲದಲ್ಲಿ ಕೆನ್ನೆ ಬಿರಿಯುವ ಅಕ್ಕನಿಗೆ ಕ್ರೀಮ್. ಅದರಲ್ಲಿ ಕೊಳೆ ತೆಗೆಯುವ ಅಂಶ ಕಡಿಮೆ, ಜಿಡ್ಡು ಜಾಸ್ತಿ, ನೊರೆ ಇಲ್ಲವೇ ಇಲ್ಲ. "ನೊರೆ ಬರದಿದ್ದರೆ ತೊಳೆದ ಹಾಗೆ ಹೇಗೆ?" ಎಂದು ಅಕ್ಕ ಒಂದು ವಾರ ಜಗಳವಾಡಿದಳು, ಬಿರುಕು ನಿಂತ ಮೇಲೆ ಸುಮ್ಮನಾದಳು.

ಎಣ್ಣೆ ಮತ್ತು ಬಾಮಿನ ಸರದಿ ಬಂದಾಗ ಚೀಟಿ ಬಣ್ಣವನ್ನೇ ಬದಲಿಸಲಿಲ್ಲ. ನೀರೇ ಇಲ್ಲದ್ದಕ್ಕೆ ಪಿಎಚ್ ಎಲ್ಲಿಂದ? ಬಾಮಿನ ಡಬ್ಬಿಯ ಮೇಲೆ ಅದರ ಪಿಎಚ್ ಎಂದು ಅಂಕಿ ಕಂಡರೆ ನಕ್ಕು ಮುಂದೆ ಹೋಗಬಹುದು. ಇವುಗಳ ಕೆಲಸ ನಮ್ಮ ಕಡೆಯವರಿಗೆ ಹೊಸದೇನಲ್ಲ. ಶನಿವಾರ ಎಣ್ಣೆ ಹಚ್ಚಿ ಅರಪ್ಪು ಪುಡಿಯಲ್ಲಿ ತಿಕ್ಕಿ ಕಳೆದದ್ದೇ ಇದು; ಈಗ ಅರಪ್ಪಿನ ಕೆಲಸ ಮಾಡುವ ಎಮಲ್ಸಿಫೈಯರ್ ಎಣ್ಣೆಯೊಳಗೇ ಕೂತಿದೆ. ಬಾಮ್ ಎಂದರೆ ಮೇಣ ಸೇರಿ ಗಟ್ಟಿಯಾದ ಅದೇ ಎಣ್ಣೆ. ಒಣ ಕೈಯಿಂದ ಒಣ ಮುಖಕ್ಕೆ ಉಜ್ಜಿ, ಸನ್‌ಸ್ಕ್ರೀನು, ಕಾಡಿಗೆ ಕರಗಿದ ಮೇಲೆ ನೀರು ಮುಟ್ಟಿಸಬೇಕು. ಹಾಲಿನ ಹಾಗೆ ಬೆಳ್ಳಗಾದರೆ ಸರಿ, ತೊಳೆದರೆ ಹೋಗುತ್ತದೆ. ಆಗದೆ ಜಿಡ್ಡಾಗಿಯೇ ಉಳಿದರೆ ಅದು ಬರೀ ಎಣ್ಣೆ, ಅಡುಗೆಮನೆಯದೇ ಸಾಕಿತ್ತು.

ನೀರಿನ ಮಾತು ಬಿಡುವಂತಿಲ್ಲ. ಸಿರುವಾಣಿ ನೀರು ಬರುವ ದಿನ ಸೋಪು ಒಂದೇ ಸುತ್ತಿಗೆ ನೊರೆ ಕಟ್ಟುತ್ತದೆ; ಬೋರ್‌ವೆಲ್ಲಿನ ಗಡಸು ನೀರಲ್ಲಿ ಅದೇ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಕಸವಾಗಿ ಬಕೆಟ್ಟಿಗೂ ಕೆನ್ನೆಗೂ ಅಂಟುತ್ತದೆ. ಜೆಲ್ಲಿಗೆ ಈ ಕಾಟವಿಲ್ಲ.

ಭಾವ ಎಲ್ಲವನ್ನೂ ಕೇಳಿ, ಜೆಲ್ ಕೊಳ್ಳಲು ಅಂಗಡಿಗೆ ಹೋದರು. ಡೈಯಿಂಗ್ ಮಾಸ್ಟರಾಗಿ ರಿಟೈರಾದವರು. ಬಾಟಲಿ ತಿರುಗಿಸಿ ಅಂಗಡಿ ಹುಡುಗನನ್ನು ಕೇಳಿದರಂತೆ: "5.5 ಅಂತ ಬರೆದಿದೆ ತಮ್ಮಾ. ಟಾಲರೆನ್ಸ್ ಎಷ್ಟು? ಟೆಸ್ಟ್ ರಿಪೋರ್ಟ್ ಇದೆಯಾ?"