ಲಗ್ನದಿನ ವಿಸ್ಮರಣ ಮೀಮಾಂಸೆ

1. ವಿಷಯ ನಿರ್ದೇಶ

ವರ್ಷ ವರ್ಷವೂ ತಪ್ಪದೆ ಒಂದು ಮಾರು ಮಲ್ಲಿಗೆಯನ್ನೋ ಕಾಲು ಕೆ.ಜಿ. ಮೈಸೂರುಪಾಕನ್ನೋ ತರುತ್ತಿದ್ದ ಪತಿಯು, ಒಂದು ವರ್ಷ ಅದೇ ದಿನ ಬರಿಗೈಯಲ್ಲಿ ಬಂದು, ಚಪ್ಪಲಿ ಬಿಟ್ಟು, "ಇವತ್ತು ಏನು ಸಾರು?" ಎಂದು ಕೇಳುವ ಅವಸ್ಥೆಗೆ ಪ್ರಸ್ತುತ ಶಾಸ್ತ್ರದಲ್ಲಿ 'ಆಕಸ್ಮಿಕ ವಿಸ್ಮರಣ'ವೆಂದು ಹೆಸರು. ಮದುವೆಯಾದ ಮೊದಲ ವರ್ಷದಿಂದಲೇ ಮರೆಯುತ್ತ ಬಂದವರು ಈ ಲಕ್ಷಣಕ್ಕೆ ಒಳಪಡುವುದಿಲ್ಲ. ಅವರದು ವಿಸ್ಮರಣವಲ್ಲ, ಸಂಪ್ರದಾಯ. ಈ ಅವಸ್ಥೆಯ ಕಾರಣವನ್ನು ಕುರಿತು ಎರಡು ಪಂಥಗಳಿವೆ. ಕೆಲಸದ ಭಾರದಿಂದ ಮನಸ್ಸು ಚದುರಿತೆನ್ನುವ ಒತ್ತಡವಾದಿಗಳು ಹೆಚ್ಚಾಗಿ ಆರೋಪಿಯ ತಾಯಿಯ ಮನೆಯಲ್ಲಿಯೂ, ಅಕ್ಕರೆಯೇ ಬತ್ತಿತೆನ್ನುವ ಒಲವುಕ್ಷಯವಾದಿಗಳು ಫಿರ್ಯಾದಿಯ ತಂಗಿಯ ಮನೆಯಲ್ಲಿಯೂ ನೆಲೆಸಿರುತ್ತಾರೆ.

2. ಪೂರ್ವೋದಾಹರಣೆ

ಎರಡೂ ಪಂಥಗಳ ಮೂಲಪುರುಷ ದುಷ್ಯಂತನೊಬ್ಬನೇ ಆಗಿರುವುದು ಗಮನಾರ್ಹ. ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿನ ಅರಸನು ಎಲ್ಲವನ್ನೂ ನೆನಪಿಟ್ಟುಕೊಂಡೇ ಶಕುಂತಲೆಯನ್ನು ಅರಿಯೆನೆಂದು ಸಭೆಯಲ್ಲಿ ಹೇಳಿ, ಅಶರೀರವಾಣಿಯಾದ ಮೇಲೆ, ಲೋಕದ ಸಂಶಯ ಕಳೆಯಲೆಂದು ಹಾಗೆ ನುಡಿದೆನೆಂದು ಸಮಜಾಯಿಷಿ ಕೊಡುತ್ತಾನೆ. ಈ ಸಮಜಾಯಿಷಿ ಸಾಲದೆಂದು ಕಂಡ ಕಾಳಿದಾಸನು ನಾಟಕದಲ್ಲಿ ದುರ್ವಾಸನ ಶಾಪವನ್ನು ತಂದು, ಅರಸನಿಗೆ ನಿಜವಾದ ಮರೆವನ್ನೇ ದಯಪಾಲಿಸಿದನು. ಆ ಶಾಪ ತಗುಲಿದ್ದಾದರೂ, ಪತಿಯ ಧ್ಯಾನದಲ್ಲಿ ಮುಳುಗಿದ ಶಕುಂತಲೆ ಬಾಗಿಲಿಗೆ ಬಂದ ಋಷಿಯನ್ನು ಗಮನಿಸದೆ ಹೋದದ್ದರಿಂದ. ಆದುದರಿಂದ ಅನ್ಯಮನಸ್ಕತೆಯು ಒಲವಿನ ಅಭಾವಕ್ಕೆ ಸಾಕ್ಷಿಯಾಗಲಾರದೆಂಬ ಒತ್ತಡವಾದಿಗಳ ವಾದಕ್ಕೆ ನಾಟಕದಲ್ಲಿಯೇ ಆಧಾರವಿದೆ.

3. ಪ್ರಕರಣ ಪರೀಕ್ಷೆ

ಮುಂದೆ ಮಾಡಬೇಕಾದುದನ್ನು ಸಕಾಲದಲ್ಲಿ ನೆನೆಯುವ ಶಕ್ತಿಯನ್ನು ಇಲ್ಲಿ 'ಭಾವಿಸ್ಮೃತಿ' ಎನ್ನಲಾಗುವುದು. ಲಗ್ನದ ತಾರೀಕು ಯಾವುದೆಂದು ಕೇಳಿದರೆ ಥಟ್ಟನೆ ಹೇಳಬಲ್ಲವನೂ ಆ ದಿನ ಬಂದಾಗ ಅದನ್ನು ಮರೆಯಬಹುದು, ಏಕೆಂದರೆ ತಾರೀಕು ತಾನಾಗಿ ಬಂದು ಯಾರ ಭುಜವನ್ನೂ ತಟ್ಟುವುದಿಲ್ಲ. ಹೊರಗಿನಿಂದ ಒಂದು ಸುಳಿವು, ಅಂದರೆ ನೆನಪನ್ನು ಎಬ್ಬಿಸುವ ನಿಮಿತ್ತ, ಒದಗಬೇಕಾಗುತ್ತದೆ. ದುಷ್ಯಂತನಿಗೆ ಅದು ಮೀನಿನ ಹೊಟ್ಟೆಯಿಂದ ಒದಗಿತು.

ಬ್ಯಾಂಕ್ ಶಾಖೆಯೊಂದರ ಅಧಿಕಾರಿಯನ್ನು ಕಲ್ಪಿಸಿಕೊಳ್ಳಬಹುದು. ಅವನ ವಿವಾಹ ಮಾರ್ಚ್ 30ರಂದು ನಡೆದಿದ್ದು, 14 ವರ್ಷ ಆ ದಿನವನ್ನು ಆಚರಿಸಿ 15ನೆಯ ವರ್ಷ ಮರೆತಿದ್ದಾನೆ. ವರ್ಷಾಂತ್ಯದ ಲೆಕ್ಕ ಮುಗಿಸುವ ಗಡಿಬಿಡಿಯೇ ಕಾರಣವೆಂದು ಒತ್ತಡವಾದಿಗಳು ಸಾರಿದರೆ, ಆ ಗಡಿಬಿಡಿ ಹಿಂದಿನ 14 ಮಾರ್ಚ್‌ಗಳಲ್ಲಿಯೂ ಇತ್ತೆಂದು ಪ್ರತಿಪಕ್ಷವು ಅವರ ಬಾಯಿ ಮುಚ್ಚಿಸುತ್ತದೆ. ವಿಚಾರಣೆಯನ್ನು ಮುಂದುವರಿಸಿದಾಗ, ಪ್ರತಿ ಮಾರ್ಚ್ 29ರ ಸಂಜೆ ಶಿವಮೊಗ್ಗದ ಅಕ್ಕ ಫೋನ್ ಮಾಡಿ, "ನಾಳೆ ಏನೋ ವಿಶೇಷ?" ಎಂದು ಕೇಳುತ್ತಿದ್ದಳೆಂದೂ, ಈ ವರ್ಷ ಅವಳು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ಹಗಲು ರಾತ್ರಿಗಳ ಲೆಕ್ಕ ತಪ್ಪಿದ್ದಾಳೆಂದೂ ತಿಳಿಯುತ್ತದೆ. ನಂದಿದ್ದು ಪತಿಯ ಒಲವಲ್ಲ, ಅಕ್ಕನ ಫೋನ್. 14 ವರ್ಷ ನೆನಪಿಟ್ಟವಳೂ ಅವಳೇ. ಈ ನಿರ್ಣಯವು ಎರಡೂ ಪಂಥಗಳಿಗೆ, ವಿಶೇಷವಾಗಿ ಪತ್ನಿಗೆ, ಸಮಾಧಾನ ತರದಿರುವುದು ಶಾಸ್ತ್ರದ ದೋಷವಲ್ಲ.

4. ಲಕ್ಷಣ ವಿವೇಚನೆ

ಸುಳಿವು ತಪ್ಪಿದ್ದು ಪತ್ತೆಯಾಗದಿದ್ದಾಗ ಮರೆವಿನ ಹರವನ್ನು ನೋಡತಕ್ಕದ್ದು. ಸ್ಕೂಟರಿನ ವಿಮೆ, ಕರೆಂಟ್ ಬಿಲ್ಲು, ತನ್ನದೇ ಹಲ್ಲುನೋವಿನ ಅಪಾಯಿಂಟ್‌ಮೆಂಟ್ ಇವೆಲ್ಲವೂ ಜೊತೆಗೇ ಮರೆತಿದ್ದರೆ ಭಾರವು ಸರ್ವತ್ರ ಸಮಾನವಾಗಿ ಬಿದ್ದಿದೆಯೆಂದು ತಿಳಿಯಬೇಕು. ಕ್ರಿಕೆಟ್ ಪಂದ್ಯಗಳ ವೇಳಾಪಟ್ಟಿ ಕಂಠಪಾಠವಾಗಿದ್ದು ಮನೆಯ ದಿನಗಳಷ್ಟೇ ಅಳಿಸಿಹೋಗಿದ್ದರೆ ಒಲವುಕ್ಷಯವಾದಿಗಳಿಗೆ ಮಾತನಾಡಲು ಅವಕಾಶ ಕೊಡಬೇಕು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಪರಿಚಿತ ದಾರಿ ತಪ್ಪುವುದು ಇತ್ಯಾದಿಗಳು ಕಂಡಲ್ಲಿ ಎರಡೂ ಪಂಥಗಳು ಸುಮ್ಮನಾಗಿ ವೈದ್ಯರಿಗೆ ಜಾಗ ಬಿಡತಕ್ಕದ್ದು.

5. ಸಿದ್ಧಾಂತ

ಮರೆತ ಕ್ಷಣವು ಏನನ್ನೂ ಸಾಬೀತುಮಾಡುವುದಿಲ್ಲ. ನೆನಪಾದ ನಂತರದ ನಡತೆಯೇ ಪ್ರಮಾಣ. ಉಂಗುರ ಕಂಡ ಮೇಲೆ ನಾಟಕದ ಆರನೆಯ ಅಂಕದಲ್ಲಿ ದುಷ್ಯಂತನು ವಸಂತೋತ್ಸವವನ್ನೇ ನಿಲ್ಲಿಸಿ, ಮಡದಿಯ ಚಿತ್ರ ಬರೆದು ಕೊರಗುತ್ತಾನೆ, "ನೀನಾದರೂ ಜ್ಞಾಪಿಸಬಾರದಿತ್ತೆ?" ಎಂದು ಶಕುಂತಲೆಯ ಮೇಲೆ ಹಾಯುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದ ಬ್ಯಾಂಕ್ ಅಧಿಕಾರಿಯು ಅನುತ್ತೀರ್ಣನಾದರೂ, ಅದೇ ರಾತ್ರಿ ಫೋನಿನಲ್ಲಿ ಲಗ್ನದಿನಕ್ಕೂ, ಯಾರೂ ಹೇಳದೆಯೇ ಅತ್ತೆಯ ಹುಟ್ಟುಹಬ್ಬಕ್ಕೂ ಜ್ಞಾಪನೆ ಹಾಕಿಕೊಂಡಲ್ಲಿ ಕೃಪಾಂಕಕ್ಕೆ ಅರ್ಹನಾಗುತ್ತಾನೆ. ಆದರೆ ಬರುವ ಮಾರ್ಚ್ 30ರಂದು ಆ ಜ್ಞಾಪನೆ ಹೊಡೆದುಕೊಂಡು, ಅವನು ಹೆಬ್ಬೆರಳಿನಿಂದ ಅದನ್ನು ಸರಿಸಿ ಲೆಕ್ಕಪತ್ರಕ್ಕೆ ಮರಳಿದರೆ, ಆಗ ಸುಳಿವೂ ಉಂಟು, ಸ್ಮೃತಿಯೂ ಉಂಟು. ಅವನು ಕಾಳಿದಾಸನ ಆಶ್ರಯವನ್ನು ಕಳೆದುಕೊಂಡು ಆದಿಪರ್ವಕ್ಕೆ ಸೇರಿದವನೆಂದು ತೀರ್ಮಾನಿಸತಕ್ಕದ್ದು. ಅಲ್ಲಿ ಅಶರೀರವಾಣಿಯ ಕೆಲಸಕ್ಕೆ ನಾದಿನಿಯು ಸದಾ ಸಿದ್ಧಳಿರುತ್ತಾಳೆ.