ಅಲಾರಾಂ ಗಡಿಯಾರದವರ ಸನ್ನಿಧಿಗೆ

ಪರಮಪೂಜ್ಯ ಅಲಾರಾಂ ಗಡಿಯಾರದವರಿಗೆ, ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಮೇಷ್ಟ್ರ ಸಾಷ್ಟಾಂಗ ನಮಸ್ಕಾರಗಳು.

ರಾತ್ರಿ ಹನ್ನೊಂದಾಗಿದೆ. ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಕಟ್ಟು, ಕೆಂಪು ಪೆನ್ನು, ರಟ್ಟು ಹರಿದ ಹಳೇ ಗೈಡು, ಆರಿಹೋದ ಕಾಫಿ. ಕಥೆಯ ಆರಂಭ ಕೊಟ್ಟು, ಇನ್ನೂರು ಪದಗಳಲ್ಲಿ ಇಂಗ್ಲಿಷಿನಲ್ಲಿ ಮುಂದುವರಿಸಿ, ಕೊನೆಗೊಂದು ಅನಿರೀಕ್ಷಿತ ತಿರುವಿರಲಿ ಎಂದು ಕೇಳಿದ್ದೆ. ತಾವು ಮಕ್ಕಳ ಮೇಲಿನ ವಾತ್ಸಲ್ಯದಿಂದ ಪತ್ರಿಕೆ ಪತ್ರಿಕೆಯ ಕೊನೆಯಲ್ಲೂ ಟ್ರಿಣ್ ಎಂದು ದರ್ಶನ ಕೊಟ್ಟಿದ್ದೀರಿ. 'ಇಟ್ ವಾಸ್ ಆಲ್ ಎ ಡ್ರೀಮ್.' ಧನ್ಯನಾದೆ.

ನಾನು ಕೊಟ್ಟ ಆರಂಭ ಇಷ್ಟೇ: ಜಡಿಮಳೆಯ ರಾತ್ರಿ, ಕೊನೇ ಬಸ್ಸು ರವಿಯನ್ನು ಘಟ್ಟದ ಊರೊಂದರಲ್ಲಿ ಇಳಿಸಿ ಹೋಗುತ್ತದೆ. ದೀಪ ಕಂಡ ಮನೆಯ ಬಾಗಿಲು ತಟ್ಟುತ್ತಾನೆ. ಮುದುಕಿಯೊಬ್ಬಳು ತೆರೆದು, 'ಬಂದೆಯಾ ಅಪ್ಪೂ, ಕಾಯ್ತಾ ಇದ್ದೆ' ಅನ್ನುತ್ತಾಳೆ. ಒಳಗೆ ಎರಡು ತಟ್ಟೆ ಹಾಕಿದೆ. ಆ ಎರಡನೇ ತಟ್ಟೆ ಯಾರಾದರೂ ಎತ್ತಿಕೊಳ್ಳಲೆಂದೇ ಇಟ್ಟದ್ದು ಸ್ವಾಮಿ. ತಮ್ಮ ಕೃಪೆಯಿಂದ ಅದನ್ನು ಯಾರೂ ಮುಟ್ಟಲಿಲ್ಲ. ಮಳೆ, ಕೆಸರು, ನಾಯಿ ಬೊಗಳುವುದು ಇವಕ್ಕೇ ನೂರೆಂಬತ್ತು ಪದ ಖರ್ಚಾಗಿ, ಉಳಿದ ಇಪ್ಪತ್ತರಲ್ಲಿ ತಾವು ಬಡಿದುಕೊಂಡಿರಿ. ಗಾಬರಿಗೆ 'ವಾಸ್' ಇದ್ದ ಕಡೆಯೆಲ್ಲ 'ಈಸ್' ಆಗಿ, ಭೂತಕಾಲದಲ್ಲಿ ಬಸ್ಸಿಳಿದ ರವಿ ವರ್ತಮಾನಕಾಲದಲ್ಲಿ ಎದ್ದು ಹಲ್ಲುಜ್ಜಲು ಹೋದ.

ತಮ್ಮ ಸೋದರ ಸಂಬಂಧಿ, 'ಆ ಅಜ್ಜಿ ಸತ್ತು ಹತ್ತು ವರ್ಷವಾಯಿತಲ್ಲ' ಎನ್ನುವ ಪಕ್ಕದ ಮನೆಯವರಿಗೂ ನನ್ನ ಪ್ರಣಾಮ ತಿಳಿಸಿ. ಕಥೆಯುದ್ದಕ್ಕೂ ಇಲ್ಲದವರು ಕೊನೇ ಪ್ಯಾರಾದಲ್ಲಿ ಬಂದು ತೀರ್ಪು ಕೊಟ್ಟು ಹೋಗುವುದು ಎಂಥ ಔದಾರ್ಯ!

ತಮ್ಮ ಪರ ವಕಾಲತ್ತು ವಹಿಸುವ ಜಾಣರೂ ನನ್ನ ಕ್ಲಾಸಿನಲ್ಲಿದ್ದಾರೆ. 'ಸಾರ್, ಆಲಿಸ್ ಇನ್ ವಂಡರ್‌ಲ್ಯಾಂಡೂ ಕನಸೇ ಅಲ್ವಾ?' ಹೌದು ಮಗು. ಆದರೆ 1865ರಲ್ಲಿ ಆ ಪುಸ್ತಕ ತಂದ ಲೂಯಿಸ್ ಕ್ಯಾರಲ್, ಸೆಕೆಗೆ ಆಲಿಸ್‌ಗೆ ತೂಕಡಿಕೆ ಬರುತ್ತಿರುವುದನ್ನು ಶುರುವಿನಲ್ಲೇ ಹೇಳಿಬಿಟ್ಟಿದ್ದಾನೆ. ಕೊನೆಗೆ ಅವಳ ಮೇಲೆ ಎರಗಿ ಬಂದ ಇಸ್ಪೀಟೆಲೆಗಳು, ಎಚ್ಚರವಾದಾಗ ಮರದಿಂದ ಮುಖದ ಮೇಲೆ ಉದುರಿದ ಒಣಗಿದೆಲೆಗಳಾಗುತ್ತವೆ. ಅಲ್ಲಿ ಕನಸು ಹಿಂದಿನದಕ್ಕೆ ಹೊಸ ಅರ್ಥ ಕೊಡುತ್ತದೆ. ತಾವು, ಕ್ಷಮಿಸಬೇಕು, ಹಿಂದಿನದನ್ನೆಲ್ಲ ಡಸ್ಟರಿನಿಂದ ಒರೆಸಿಬಿಡುತ್ತೀರಿ. ನನ್ನ ಪರೀಕ್ಷೆ ಸುಲಭದ್ದು: ಕೊನೇ ಸಾಲು ಓದಿದ ಮೇಲೆ ಮತ್ತೆ ಮೊದಲಿಂದ ಓದಬೇಕು ಅನ್ನಿಸುತ್ತದೆಯೋ, ಓದಿದ್ದೇ ದಂಡ ಅನ್ನಿಸುತ್ತದೆಯೋ?

ತಮ್ಮ ಅಪ್ಪಣೆ ಮೀರಿದವಳು ಒಬ್ಬಳೇ, ಕೊನೇ ಬೆಂಚಿನ ಹುಡುಗಿ. ಸ್ಪೆಲ್ಲಿಂಗು ದೇವರಿಗೇ ಪ್ರೀತಿ. ಅವಳ ರವಿ ಒಳಗೆ ಹೋಗುತ್ತಾನೆ. ಬಾಗಿಲ ಹಿಂದೆ ಒಂದು ಕ್ಯಾಲೆಂಡರು, ನಾಲ್ಕು ಕೊಡೆ, ಒಂದು ಟಾರ್ಚು ತೂಗುತ್ತಿವೆ. ಮುದುಕಿಗೆ ಕಣ್ಣು ಮಂಜು, ತನ್ನನ್ನು ಮಗ ಅಂದುಕೊಂಡಿದ್ದಾಳೆ ಎಂದು ಅವನು ಭಾವಿಸುತ್ತಾನೆ. ಮಳೆಯಲ್ಲಿ ಎಲ್ಲಿ ಹೋಗುವುದು? 'ಹೂಂ ಅಮ್ಮಾ' ಎಂದು ಸುಳ್ಳು ಹೇಳಿ, ಉಂಡು, ಮಲಗುತ್ತಾನೆ. ಮನಸ್ಸು ಚುಚ್ಚುತ್ತದೆ. ಬೆಳಿಗ್ಗೆ ಹೊರಟಾಗ ಅವಳು ಕೊಡೆಯೊಂದನ್ನು ಕೈಗಿಟ್ಟು ಹೇಳುತ್ತಾಳೆ: 'ಮರೀದೆ ವಾಪಸ್ ತಂದುಕೊಡು. ಹೋದ ವಾರದ ಅಪ್ಪು ಇನ್ನೂ ತಂದಿಲ್ಲ.'

ಕೆಂಪು ಪೆನ್ನು ಕೆಳಗಿಟ್ಟೆ. ಒಬ್ಬಳೇ ಮುದುಕಿಯ ಮನೆಯಲ್ಲಿ ನಾಲ್ಕು ಕೊಡೆ ಯಾಕೆ ಎಂದು ನಾನೇ ಕೇಳಿಕೊಂಡಿರಲಿಲ್ಲ. ಕ್ಯಾಲೆಂಡರಿಗೂ ಟಾರ್ಚಿಗೂ ನಡುವೆ ಇಟ್ಟಿದ್ದಳು ಕಳ್ಳಿ. ಪಟ್ಟಿಯ ಮೊದಲನೆಯದು, ಕೊನೆಯದು ಕಣ್ಣಿಗೆ ಬೀಳುತ್ತವೆ, ನಡುವಿನದು ಜಾರಿಹೋಗುತ್ತದೆ. ಮೋಸ ಮಾಡಿದವನು ರವಿ ಅಂದುಕೊಂಡಿದ್ದೆವು. ಮುದುಕಿಗೆ ಎಲ್ಲ ಗೊತ್ತಿತ್ತು.

ಆದ್ದರಿಂದ ತಮ್ಮಲ್ಲಿ ದೀನನಾಗಿ ಬೇಡುವುದೇನೆಂದರೆ, ಮುಂದಿನ ಪರೀಕ್ಷೆಗಾದರೂ ತಾವು ಸೆಲ್ಲು ತೆಗೆಸಿಕೊಂಡು ವಿಶ್ರಾಂತಿ ಪಡೆಯಬೇಕು. ತಮ್ಮನ್ನು ಇಷ್ಟು ಮಕ್ಕಳ ತಲೆಗೆ ಹೊಗಿಸಿದವರು ಯಾರೆಂದು ಹುಡುಕುತ್ತ ಇವತ್ತು ಒಬ್ಬ ಹುಡುಗನ ಚೀಲದಿಂದ ಗೈಡೊಂದನ್ನು ಕಿತ್ತುಕೊಂಡು ಬಂದೆ. ಅಣ್ಣನಿಂದ ತಮ್ಮನಿಗೆ ಇಳಿದು ಬಂದ ಪ್ರತಿ. ಹನ್ನೆರಡನೇ ಮಾದರಿ ಉತ್ತರದಲ್ಲಿ ತಾವು ಇದ್ದೀರಿ, ಆರೂವರೆಗೆ ಸರಿಯಾಗಿ ಬಡಿದುಕೊಳ್ಳುತ್ತ. ಹರಿದ ರಟ್ಟನ್ನು ಜೋಡಿಸಿ ಲೇಖಕರ ಹೆಸರು ಓದಿದೆ. ಆಗಿನ್ನೂ ಕೆಲಸ ಖಾಯಂ ಆಗಿರಲಿಲ್ಲ, ಪುಟಕ್ಕಿಷ್ಟು ಅಂತ ದುಡ್ಡು ಕೊಡುತ್ತಿದ್ದರು.

ಇತಿ ತಮ್ಮ ಜನ್ಮದಾತ,
ಇಂಗ್ಲಿಷ್ ಮೇಷ್ಟ್ರು