ಹಮಾಲರನ್ನು ಬಿಟ್ಟಿರಲ್ಲ, ಸಾಬ್

ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನ ಹತ್ತಿರದ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಬೀದರ್ ಕಡೆಯ ಗೃಹಸ್ಥರೊಬ್ಬರಿದ್ದರು. ಬೇರೆ ಕೆಲಸ ಸಿಕ್ಕಿತು, ರಾಜೀನಾಮೆ ಅಂಗೀಕಾರವಾಯಿತು, ಲ್ಯಾಪ್‌ಟಾಪು ಒಪ್ಪಿಸುವ ದಿನವೂ ಗೊತ್ತಾಯಿತು. ಎಲ್ಲರಿಗೂ ಕಳಿಸಬೇಕಾದ ವಿದಾಯದ ಮೇಲ್ ಒಂದು ಬಾಕಿ. ಊಟವಾದ ಮೇಲೆ ಕೂತು ಎಲೆ ಅಡಿಕೆ ಜಗಿದು ಮುಗಿಯುವಷ್ಟರಲ್ಲಿ ಅದನ್ನೂ ಬರೆದು ಮುಗಿಸಿದರು.

‘ಈ ಸುಂದರ ಪಯಣದಲ್ಲಿ ಜೊತೆಯಾದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಸಹಕಾರ, ಮಾರ್ಗದರ್ಶನ ಸದಾ ಸ್ಮರಣೀಯ.’

ಹೆಂಡತಿ ಓದಿದರು. “ಇದರಾಗ ನಿಮ್ಮ ಆಫೀಸ್ ಎಲ್ಲದ? ಎದುರಿನ ಬ್ಯಾಂಕಿನವ್ರಿಗೆ ಕಳ್ಸಿದ್ರೂ ನಡೀತದಲ್ರೀ!”

ಗೃಹಸ್ಥರಿಗೆ ಸಿಟ್ಟು ಬಂತು. ಆದರೆ ಹೆಂಡತಿ ಬಿಡುವವರಲ್ಲ. ಜೊತೆಗೆ ಸಚಿನ್ ತೆಂಡೂಲ್ಕರ್ ಭಕ್ತೆ. 2013ರ ನವೆಂಬರ್ 16ರಂದು ವಾಂಖೆಡೆ ಮೈದಾನದಲ್ಲಿ ಆತ ಚೀಟಿ ಹಿಡಿದು ಮಾಡಿದ ವಿದಾಯ ಭಾಷಣವನ್ನು ನೆನಪಿಸಿದರು. ಅಕ್ಕ ಸವಿತಾ ಪ್ರೀತಿಯಿಂದ ನೋಡಿಕೊಂಡಳು ಅಂದಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಮೊದಲ ಬ್ಯಾಟು ಕೊಟ್ಟವಳು ಆಕೆ, ಅದು ಕಾಶ್ಮೀರ ವಿಲೋ ಬ್ಯಾಟು ಅಂದ. ಗುರು ಅಚ್ರೇಕರ್ ತನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮೈದಾನದಿಂದ ಮೈದಾನಕ್ಕೆ ಒಯ್ಯುತ್ತಿದ್ದರು ಅಂದ. “ಬ್ಯಾಟು, ಸ್ಕೂಟರು ಇದ್ದಂಗ ನಿಮ್ಮದರಾಗ ಏನದ, ಹೇಳ್ರಿ?”

ತಲೆ ಕೆರೆದುಕೊಂಡರೆ ಬರುವುದು ‘ಎಲ್ಲರೂ ಒಳ್ಳೆಯವರು’ ಎಂಬುದಷ್ಟೇ. ಹೀಗಾಗಿ ಅವರು ಹಳೆಯ ಮೇಲ್‌ಗಳಲ್ಲಿ ‘urgent’ ಎಂದು ಹುಡುಕಿದರು. ಉಪಾಯ ಫಲಿಸಿತು. ಕಷ್ಟಕಾಲದಲ್ಲಿ ಯಾರು ಯಾರಿಗೆ ಏನು ಮಾಡಿದರೆಂಬುದು ತಾರೀಖು ಸಮೇತ ಅಲ್ಲಿ ಬಿದ್ದಿತ್ತು.

ಮೊದಲು ಸಿಕ್ಕಿದ್ದು ಡಿಸ್‌ಪ್ಯಾಚಿನ ಭಾಯಿ. ಒಂದು ರಾತ್ರಿ ಹುಮನಾಬಾದ್ ಹತ್ತಿರ ಲಾರಿ ಕೆಟ್ಟು ನಿಂತಿತ್ತು. ಸರಕನ್ನು ಬೇರೆ ಲಾರಿಗೆ ಹಾಕಿದರೆ ಸಾಲದು. ಇ-ವೇ ಬಿಲ್ಲಿನ ಪಾರ್ಟ್-ಬಿಯಲ್ಲಿ ಹೊಸ ಗಾಡಿಯ ನಂಬರು ಹಾಕಬೇಕು. ಇಲ್ಲದಿದ್ದರೆ ದಾರಿಯಲ್ಲಿ ತಪಾಸಣೆಯವರು ತಡೆದಾಗ ಕಾಗದದಲ್ಲೊಂದು ಲಾರಿ, ರಸ್ತೆಯಲ್ಲೊಂದು ಲಾರಿ. ‘ನಿಮ್ಮ ಅಮೂಲ್ಯ ಸಹಕಾರಕ್ಕೆ’ ಎಂಬ ಸಾಲು ಹೋಗಿ ಹೀಗಾಯಿತು: ‘ಹುಮನಾಬಾದಿನಲ್ಲಿ ಲಾರಿ ಬದಲಾದ ರಾತ್ರಿ, ಪಾರ್ಟ್-ಬಿಯಲ್ಲಿ ಹೊಸ ನಂಬರು ಬರುವ ತನಕ ನೀವು ಫೋನ್ ಇಡಲಿಲ್ಲ. ನಾನು ಬೆಳಿಗ್ಗೆ ಎದ್ದಾಗ ಸರಕು ಗೋಡೌನಿನಲ್ಲಿತ್ತು.’ ಧನ್ಯವಾದ ಎಂಬ ಪದವೇ ಇಲ್ಲ, ಬೇಕಾಗಿಯೂ ಇಲ್ಲ. ಭಾಯಿಯ ಹೆಸರು ತೆಗೆದು ಬೇರೆಯವರದು ಹಾಕಿ ನೋಡಿದರೆ ಸಾಲು ಸುಳ್ಳಾಗುತ್ತದೆ. ಹೆಂಡತಿ ಇಟ್ಟ ಪರೀಕ್ಷೆಯೂ ಇದೇ.

ಮ್ಯಾನೇಜರ್ ಸಾಹೇಬರದು ಕಷ್ಟವಾಯಿತು. ‘ದೂರದೃಷ್ಟಿಯ ನಾಯಕತ್ವ’ ಎಂದು ಬರೆದಿದ್ದರು. ಸಾಹೇಬರ ದೃಷ್ಟಿ ಮಾರ್ಚ್ 31ರ ಆಚೆಗೆ ಹೋದದ್ದನ್ನು ಕಂಡವರಿಲ್ಲ. ಆದರೆ ಬಾಕಿ ಕೇಳುವ ಪತ್ರದಲ್ಲಿ ಕುಶಲ ವಿಚಾರಿಸುವ ಮೊದಲೇ ಮೊತ್ತ ಬರಬೇಕೆಂದು ಕಲಿಸಿದವರು ಅವರೇ. ಅದನ್ನೇ ಬರೆದರು. ಸಣ್ಣ ಹೊಗಳಿಕೆಯಾದರೂ ನಿಜವಾದದ್ದು.

ಇಷ್ಟಾಗುವಾಗ ಉತ್ಸಾಹ ಕೈಮೀರಿತು. ತಡವಾದ ದಿನಗಳಲ್ಲಿ ರಿಜಿಸ್ಟರಿನಲ್ಲಿ ಒಂಬತ್ತೂವರೆ ಎಂದೇ ಬರೆದುಕೊಂಡ ಗೇಟಿನ ವಾಚ್‌ಮನ್‌ಗೆ ಒಂದು ಸಾಲು, ತನ್ನ ತಂಗಿಯ ಮದುವೆಗೆ ಸಾಲ ಕೇಳುತ್ತ ಮನದಳಲು ತೋಡಿಕೊಂಡ ಕಿರಿಯನಿಗೆ ಒಂದು ಸಾಲು. “ಆ ಮೇಲ್ ಎಚ್ಆರ್‌ನವ್ರೂ ಓದ್ತಾರ” ಎಂದರು ಹೆಂಡತಿ. ವಾಚ್‌ಮನ್ನನ ಉಪಕಾರ ನೆನೆದರೆ ಅವನ ನೌಕರಿ ಹೋದೀತು; ಕಿರಿಯನ ಕಷ್ಟ ಅವನ ಸ್ವಂತದ್ದು, ಹಂಚುವ ಹಕ್ಕು ಇವರಿಗಿಲ್ಲ. ಎರಡೂ ಸಾಲು ಅಳಿಸಿ, ಇರಾನಿ ಚಹಾ ಕುಡಿಯುತ್ತ ಬಾಯಿಮಾತಲ್ಲಿ ಹೇಳುವುದೆಂದಾಯಿತು. ಗಿರಾಕಿ ಕಂಪನಿಗಳ ಹೆಸರು, ಬಾಕಿಯ ಅಂಕಿಗಳಿಗೂ ಅದೇ ಗತಿ.

ಇನ್ನುಳಿದದ್ದು ಮುಖ ಗೊತ್ತಿದ್ದರೂ ಘಟನೆ ನೆನಪಿಲ್ಲದ ಇಡೀ ಮಹಡಿ. ಎಲ್ಲರ ಹೆಸರು ಪೋಣಿಸಿದರೆ ಮತದಾರರ ಪಟ್ಟಿಯಾದೀತು. ಅದಕ್ಕೆ ನುಮಾಯಿಷ್ ಒದಗಿಬಂತು. 1938ರಲ್ಲಿ ಶುರುವಾದ ಈ ವಸ್ತುಪ್ರದರ್ಶನ ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನಕ್ಕೆ ಬಂತೆಂದರೆ ಸಂಜೆ ಆಟೋ ಅಲುಗಾಡುವುದಿಲ್ಲ. ‘ನುಮಾಯಿಷ್ ತಿಂಗಳಲ್ಲಿ ಗಾಂಧಿ ಭವನ್ ಮೆಟ್ರೋ ತನಕ ಜೊತೆಗೆ ನಡೆದು, ದಾರಿಯುದ್ದಕ್ಕೂ ಸಂಬಳದ ವಿಷಯ ಬಿಟ್ಟು ಬೇರೇನೂ ಮಾತಾಡದ ಎಲ್ಲರಿಗೂ’ ಎಂದು ಬರೆದಾಗ ಯಾರೂ ಹೊರಗುಳಿಯಲಿಲ್ಲ.

ಮೇಲ್ ಹೋದದ್ದು ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಮುಂಚೆ. ಸಂಜೆ ಕಂಪನಿಯ ಐಡಿ ಬಂದಾದರೆ ಉತ್ತರಗಳು ಕೈಗೆ ಸಿಗುವುದಿಲ್ಲವೆಂದು ಕೆಳಗೆ ಸ್ವಂತ ಫೋನ್ ನಂಬರನ್ನೂ ಕೊಟ್ಟಿದ್ದರು. ಸಾಹೇಬರಿಂದ ‘ನೋಟೆಡ್’ ಎಂದು ಬಂತು. ಡಿಸ್‌ಪ್ಯಾಚಿನ ಭಾಯಿ ರಾತ್ರಿ ಫೋನನ್ನೇ ಮಾಡಿದ.

“ನಾ ಬರೀ ನಂಬರ್ ಹಾಕ್ಸಿದ್ದು ಸಾಬ್. ಆ ಹೊತ್ತಿನಾಗ ಸರಕು ಇಳಿಸಿ ಏರಿಸಿದ ಹಮಾಲರನ್ನ ಬಿಟ್ಟೀರಲ್ಲ!”